ಸಾಲ ಫ್ಲೋಟಿಂಗ್ ಇರಲಿ, ಕಂತು ಫಿಕ್ಸೆಡ್‌ನದು ಕಟ್ಟಿ

ಚಿಕ್ಕಮಗಳೂರಿನಲ್ಲಿ, ಹೊಸದಾಗಿ ಮನೆ ಸಾಲ ತೆಗೆದುಕೊಳ್ಳಲು ಹೊರಟಿರುವ ಒಂದಷ್ಟು ಜನರ ಎದುರು ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಲೆಕ್ಕಗಳನ್ನು ಇನ್ನೊಮ್ಮೆ ಹಾಕಿ ನೋಡಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗಲೂ ಪರಿಚಯದವರು ಮನೆ ಸಾಲದ ಕಾಗದ ಹಿಡಿದುಕೊಂಡು ಬರುತ್ತಾರೆ. ಬಂದವರು ಕೇಳುವ ಮೊದಲ ಪ್ರಶ್ನೆ ಒಂದೇ. "ಸರ್, ಫಿಕ್ಸೆಡ್ ತಗೊಳ್ಳಲಾ, ಫ್ಲೋಟಿಂಗ್ ತಗೊಳ್ಳಲಾ?" ಫಿಕ್ಸೆಡ್ ಅಂದರೆ ಬಡ್ಡಿ ದರ ಬದಲಾಗದ ಸಾಲ, ಫ್ಲೋಟಿಂಗ್ ಅಂದರೆ ದರ ಏರಿಳಿಯುವ ಸಾಲ. ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನಿಮಗೆ 48 ರೂಪಾಯಿಯ ಕತೆ ಹೇಳಬೇಕು.

ಒಬ್ಬರು 2022ರ ಜನವರಿಯಲ್ಲಿ 25 ಲಕ್ಷ ಮನೆ ಸಾಲ ತೆಗೆದುಕೊಂಡರು ಅಂತ ಇಟ್ಟುಕೊಳ್ಳಿ. ಅವಧಿ 20 ವರ್ಷ. ಫ್ಲೋಟಿಂಗ್ ದರ, ಶೇ. 6.75. ಆಗ ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಅಂದರೆ ರೆಪೋ ದರ, ಶೇ. 4 ಇತ್ತು. ಅದರ ಮೇಲೆ ಬ್ಯಾಂಕು ಎರಡೂ ಮುಕ್ಕಾಲು ಪರ್ಸೆಂಟ್ ಸೇರಿಸಿತ್ತು. ತಿಂಗಳ ಕಂತು 19,009 ರೂಪಾಯಿ. ಮೊದಲ ತಿಂಗಳು ಬಡ್ಡಿಗೆ ಹದಿನಾಲ್ಕು ಸಾವಿರ ಚಿಲ್ಲರೆ ಹೋಯಿತು. ಸುಮಾರು ಐದು ಸಾವಿರ ಅಸಲಿಗೆ ಬಿತ್ತು. ಎಲ್ಲ ಚೆನ್ನಾಗಿಯೇ ಇತ್ತು.

ಆ ವರ್ಷ ಮೇ 4ನೇ ತಾರೀಕು ರಿಸರ್ವ್ ಬ್ಯಾಂಕು ರೆಪೋ ದರವನ್ನು 4.40ಕ್ಕೆ ಏರಿಸಿತು. ಜೂನಿನಲ್ಲಿ 4.90 ಆಯಿತು. ಸೆಪ್ಟೆಂಬರ್ ಕೊನೆಗೆ 5.90. ಡಿಸೆಂಬರ್‌ನಲ್ಲಿ 6.25. 2023ರ ಫೆಬ್ರವರಿಗೆ 6.50. ಹತ್ತು ತಿಂಗಳೊಳಗೆ ಎರಡೂವರೆ ಪರ್ಸೆಂಟ್ ಏರಿಬಿಟ್ಟಿತು. ಈ ಸಾಲಗಾರರ ದರ 6.75ರಿಂದ 9.25ಕ್ಕೆ ಹೋಯಿತು. ಕಂತು ಮಾತ್ರ ಬದಲಾಗಲಿಲ್ಲ, ಅದೇ 19,009. ಅವರಿಗೆ ಏನೂ ಆಗಿಲ್ಲ ಅಂತಲೇ ಅನ್ನಿಸಿತ್ತು.

2023ರ ಏಪ್ರಿಲ್‌ನಲ್ಲಿ ಆ ಖಾತೆ ಹೇಗಿರುತ್ತದೆ ಅಂತ ನಾನು ತಿಂಗಳು ತಿಂಗಳಾಗಿ ಲೆಕ್ಕ ಹಾಕಿದೆ. ಮೂರು ತಿಂಗಳಿಗೊಮ್ಮೆ ದರ ಬದಲಾಗುತ್ತದೆ ಅಂತ ಹಿಡಿದೆ. ಬಾಕಿ ಅಸಲು ಸುಮಾರು 24 ಲಕ್ಷ 60 ಸಾವಿರ. ಆ ತಿಂಗಳ ಬಡ್ಡಿ 18,961 ರೂಪಾಯಿ. ಕಟ್ಟಿದ್ದು 19,009. ಅಸಲಿಗೆ ಬಿದ್ದದ್ದು 48 ರೂಪಾಯಿ. ಹೀಗೇ ಕಟ್ಟುತ್ತಾ ಹೋದರೆ ಸಾಲ ತೀರಲು ಇನ್ನೂ ಸುಮಾರು 65 ವರ್ಷ ಬೇಕು. ಸಾಲ ಮಾಡಿದವರ ಮೊಮ್ಮಕ್ಕಳು ಕಟ್ಟಬೇಕಾಗುತ್ತದೆ.

ಇಂಥ ಖಾತೆಗಳು ಆಗ ಬಹಳ ಆದವು. ಅವಧಿಯನ್ನು ಸುಮ್ನೆ ಎಳೆಯುತ್ತಾ ಹೋಗಿ, ಇನ್ನು ಎಳೆಯಲು ಆಗದು ಅನ್ನುವಾಗ ಬ್ಯಾಂಕುಗಳು ಕಂತು ಏರಿಸಿದವು. ನಮ್ಮ ಈ ಸಾಲಗಾರರು ಮೊದಲಿನ 20 ವರ್ಷದೊಳಗೇ ಮುಗಿಸಬೇಕು ಅಂದರೆ ಕಂತು 23,020 ಆಗಬೇಕಿತ್ತು. ಅಂದರೆ ತಿಂಗಳಿಗೆ ನಾಲ್ಕು ಸಾವಿರ ಜಾಸ್ತಿ.

ಈ ಕತೆ ಕೇಳಿದವರು ತಕ್ಷಣ ಹೇಳುವುದು, "ಹಾಗಾದರೆ ಫಿಕ್ಸೆಡ್ಡೇ ಒಳ್ಳೆಯದು ಅಲ್ವಾ?" ಸ್ವಲ್ಪ ತಾಳಿ. ಇದೇ ಸಾಲಕ್ಕೆ 2022ರ ಫೆಬ್ರವರಿಯಿಂದ 2025ರ ಡಿಸೆಂಬರ್‌ವರೆಗಿನ 47 ಕಂತುಗಳ ಸರಾಸರಿ ದರ ತೆಗೆದೆ. ಸುಮಾರು ಶೇ. 8.7 ಬಂತು. ಸಾಲ ತೆಗೆದುಕೊಂಡದ್ದು ದರ ತೀರಾ ಕೆಳಗಿದ್ದಾಗ. ಅದಾದ ನಾಲ್ಕೇ ತಿಂಗಳಿಗೆ ದರ ಏರಲು ಶುರುವಾಯಿತು, ಅದೂ ಭಾರೀ ವೇಗದಲ್ಲಿ. ಫ್ಲೋಟಿಂಗ್ ಸಾಲಗಾರನಿಗೆ ಇದಕ್ಕಿಂತ ಕೆಟ್ಟ ಗಳಿಗೆ ಸಿಗುವುದು ಕಷ್ಟ. ಅಷ್ಟಾದರೂ ಸರಾಸರಿ 8.7. ಆ ಜನವರಿಯಲ್ಲಿ ಯಾರಾದರೂ ಅವರಿಗೆ 8.5ಕ್ಕೆ ಫಿಕ್ಸೆಡ್ ಕೊಟ್ಟಿದ್ದರೆ ಅದು ಸ್ವಲ್ಪ ಲಾಭ. 9ಕ್ಕೆ ಕೊಟ್ಟಿದ್ದರೆ ನಷ್ಟ. ಅವರನ್ನು ಮುಳುಗಿಸಿದ್ದು ಫ್ಲೋಟಿಂಗ್ ದರ ಒಂದೇ ಅಲ್ಲ. ದರ ಏರಿದರೂ ಕಂತು ಏರದೆ ಇದ್ದದ್ದು ಅದಕ್ಕಿಂತ ದೊಡ್ಡ ಕಾರಣ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಫಿಕ್ಸೆಡ್ ಯಾಕೆ ದುಬಾರಿ ಅನ್ನುವುದನ್ನು ನೋಡೋಣ. ಇಲ್ಲಿ ಕಾಫಿ ಬೆಳೆಯುವವರು ಬಹಳ ಜನ ಇದ್ದೀರಿ. ಕೊಯ್ಲಿಗೆ ಮುಂಚೆಯೇ ವ್ಯಾಪಾರಿ ಬಂದು ಮೂಟೆಗೆ ಇಷ್ಟು ಅಂತ ರೇಟು ಕಟ್ಟುತ್ತಾನೆ ಅಂತ ಇಟ್ಟುಕೊಳ್ಳಿ. ಮಾರ್ಚಿಗೆ ರೇಟು ಬಿದ್ದರೆ ಅವನಿಗೆ ನಷ್ಟ. ಆ ನಷ್ಟದ ಭಯಕ್ಕೆ ಅವನು ಮೊದಲೇ ಸ್ವಲ್ಪ ಕಡಿಮೆ ಹೇಳುತ್ತಾನೆ. ಬ್ಯಾಂಕಿನದೂ ಇದೇ ಲೆಕ್ಕ. ಬ್ಯಾಂಕಿಗೆ ಬರುವ ಠೇವಣಿ ಬಹುಪಾಲು ಒಂದು, ಎರಡು, ಮೂರು ವರ್ಷದ್ದು. ಅದನ್ನು ನಿಮಗೆ 20 ವರ್ಷಕ್ಕೆ ಕೊಡುತ್ತದೆ. ಐದನೇ ವರ್ಷಕ್ಕೆ ಠೇವಣಿಯ ಬಡ್ಡಿ ಏರಿದರೆ ನಿಮ್ಮ ಫಿಕ್ಸೆಡ್ ಸಾಲದಿಂದ ಅದಕ್ಕೆ ನಷ್ಟ. ಆ ನಷ್ಟದ ಭಯಕ್ಕೆ ಬ್ಯಾಂಕು ಮೊದಲೇ ಒಂದು, ಒಂದೂವರೆ, ಕೆಲವು ಕಡೆ ಎರಡು ಪರ್ಸೆಂಟ್ ಹೆಚ್ಚು ಕೇಳುತ್ತದೆ. ಅದು ಒಂದು ರೀತಿಯ ವಿಮೆ. ವಿಮೆ ತೆಗೆದುಕೊಳ್ಳುವುದು ತಪ್ಪಲ್ಲ. ಆದರೆ ಎಷ್ಟು ವರ್ಷಕ್ಕೆ ವಿಮೆ, ಯಾವುದಕ್ಕೆ ವಿಮೆ ಅಂತ ಕೇಳದೆ ದುಡ್ಡು ಕಟ್ಟುವುದು ತಪ್ಪು.

ಇದು ಗೊತ್ತಿಲ್ಲದೆ ನಮ್ಮ ಮನೆಯಲ್ಲೇ ಪೆಟ್ಟು ತಿಂದಿದ್ದೇವೆ. ಕಡೂರಿನಲ್ಲಿರುವ ನನ್ನ ತಮ್ಮ ಒಂದು ಕಡೆ ಫಿಕ್ಸೆಡ್ ಅಂತ ಹೇಳಿಸಿಕೊಂಡು ಸಾಲ ತೆಗೆದುಕೊಂಡ. ನನಗೆ ತೋರಿಸಿದ್ದು ಸಹಿ ಹಾಕಿದ ಮೇಲೆ. ಮೂರು ವರ್ಷ ಸರಿಯಾಗಿಯೇ ಇತ್ತು. ಆಮೇಲೆ ಒಂದು ಪತ್ರ ಬಂತು, ದರ ಏರಿಸಿದ್ದೇವೆ ಅಂತ. ಅವನು ಗಾಬರಿಯಿಂದ ಫೋನ್ ಮಾಡಿದ. "ಅಣ್ಣಾ, ಇದು ಫಿಕ್ಸೆಡ್ ಅಲ್ವಾ? ಹೇಗೆ ಏರಿಸ್ತಾರೆ?" ಕರಾರು ಪತ್ರ ತರಿಸಿ ಓದಿದೆ. ಏಳನೇ ಪುಟದಲ್ಲೋ ಎಂಟನೇ ಪುಟದಲ್ಲೋ ಸಣ್ಣ ಅಕ್ಷರದಲ್ಲಿ ಇತ್ತು. ಮೊದಲ 36 ತಿಂಗಳು ಈ ದರ, ಆಮೇಲೆ ಸಾಲ ಕೊಟ್ಟವರು ಆಗಾಗ ಗೊತ್ತುಪಡಿಸುವ ದರ. ಮೂರು ವರ್ಷ ಹೆಚ್ಚು ಬಡ್ಡಿ ಕಟ್ಟಿದ. ದರ ಏರುವ ಕಾಲ ಬಂದಾಗ ವಿಮೆ ಮುಗಿದು ಹೋಗಿತ್ತು. ಅವತ್ತು ನನಗಾದ ಬೇಸರ ಇನ್ನೂ ಇದೆ. ಸಹಿಗೆ ಮುಂಚೆ ಹತ್ತು ನಿಮಿಷ ಆ ಕಾಗದ ನನ್ನ ಕೈಗೆ ಬಂದಿದ್ದರೆ ಸಾಕಿತ್ತು.

ನಮ್ಮಲ್ಲಿ ಫಿಕ್ಸೆಡ್ ಅಂತ ಮಾರುವ ಮನೆ ಸಾಲದಲ್ಲಿ ಮೂರು ಬಗೆ ಇವೆ. ಎರಡು, ಮೂರು ಅಥವಾ ಐದು ವರ್ಷ ಮಾತ್ರ ಸ್ಥಿರ, ಆಮೇಲೆ ಫ್ಲೋಟಿಂಗ್ ಆಗುವುದು ಒಂದು. ಪೂರ್ತಿ ಅವಧಿಗೆ ಸ್ಥಿರ ಅಂತ ಬರೆದು, ಕೆಳಗೆ ಇಷ್ಟು ವರ್ಷಕ್ಕೊಮ್ಮೆ ದರ ಪರಿಷ್ಕರಿಸುವ ಹಕ್ಕು ಇದೆ, ಹಣದ ಮಾರುಕಟ್ಟೆಯಲ್ಲಿ ದೊಡ್ಡ ಬದಲಾವಣೆ ಆದರೆ ಏರಿಸುವ ಹಕ್ಕು ಇದೆ ಅಂತ ಸೇರಿಸುವುದು ಇನ್ನೊಂದು. ಕೊನೆಯ ಕಂತಿನವರೆಗೂ ನಿಜವಾಗಿ ಬದಲಾಗದ್ದು ಮೂರನೆಯದು. ಈ ಮೂರನೆಯದು ಅಪರೂಪ. ಹಾಗಾಗಿ ಫಿಕ್ಸೆಡ್ ಅನ್ನುವ ಪದ ಕೇಳಿದ ತಕ್ಷಣ ನೀವು ಕೇಳಬೇಕಾದದ್ದು, "ಎಷ್ಟನೇ ಕಂತಿನವರೆಗೆ? ಅದು ಎಲ್ಲಿ ಬರೆದಿದೆ ತೋರಿಸಿ."

ಅದನ್ನು ಹುಡುಕುವುದು ಈಗ ಮೊದಲಿಗಿಂತ ಸುಲಭ. 2024ರ ಅಕ್ಟೋಬರ್ 1ರ ನಂತರ ಕೊಡುವ ಹೊಸ ಸಾಲಗಳಿಗೆ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅನ್ನುವ ಕಾಗದವನ್ನು ಸಹಿಗೆ ಮೊದಲೇ ಕೊಡಬೇಕು. ಸಾಲದ ಮುಖ್ಯ ವಿಷಯಗಳೆಲ್ಲ ಅದರಲ್ಲಿ ಇರುತ್ತವೆ. ದರ ಸ್ಥಿರವೋ, ಬದಲಾಗುವುದೋ, ಎರಡೂ ಸೇರಿದ್ದೋ ಅಂತ ಒಂದು ಸಾಲು ಇರುತ್ತದೆ. ಬದಲಾಗುವುದಾದರೆ ಯಾವ ದರಕ್ಕೆ ಜೋಡಿಸಿದೆ, ಅದರ ಮೇಲೆ ಎಷ್ಟು ಸೇರಿಸಿದೆ, ಎಷ್ಟು ತಿಂಗಳಿಗೊಮ್ಮೆ ಬದಲಾಗುತ್ತದೆ ಅಂತಲೂ ಇರುತ್ತದೆ. ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವೂ ಇರುತ್ತದೆ. ಇದು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಹೇಳಿದೆ. ಅಂದರೆ ನೀವು ಕನ್ನಡದಲ್ಲಿ ಕೇಳಬಹುದು. ಕೇಳಿ. ಅದು ನಿಮ್ಮ ಹಕ್ಕು. ಓದಿ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಕೊಡಬೇಕು. ಅಷ್ಟರಲ್ಲಿ ಮನೆಗೆ ತಂದು, ತಿಳಿದವರ ಹತ್ತಿರ ಕೂತು ಓದಬಹುದು. "ಇವತ್ತೇ ಸಹಿ ಹಾಕಿಬಿಡಿ, ನಾಳೆ ಈ ದರ ಇರಲ್ಲ" ಅಂತ ಯಾರಾದರೂ ಅವಸರ ಮಾಡಿದರೆ ಎದ್ದು ಬನ್ನಿ.

ಈಗ ಫ್ಲೋಟಿಂಗ್ ಕಡೆ ಬರೋಣ. ಬ್ಯಾಂಕುಗಳು 2019ರ ಅಕ್ಟೋಬರ್ 1ರಿಂದ ಕೊಡುವ ಫ್ಲೋಟಿಂಗ್ ಮನೆ ಸಾಲವನ್ನು ಹೊರಗಿನ ಒಂದು ದರಕ್ಕೆ ಜೋಡಿಸಬೇಕು. ಹೆಚ್ಚಿನವು ರೆಪೋ ದರಕ್ಕೆ ಜೋಡಿಸಿವೆ. ಬ್ಯಾಂಕುಗಳಿಗೆ ಹಣ ಬೇಕಾದಾಗ ರಿಸರ್ವ್ ಬ್ಯಾಂಕು ಸಾಲ ಕೊಡುವ ದರ ಅದು. ಎರಡು ತಿಂಗಳಿಗೊಮ್ಮೆ ಒಂದು ಸಮಿತಿ ಕೂತು ಅದನ್ನು ತೀರ್ಮಾನಿಸುತ್ತದೆ. ಮಾರನೇ ದಿನದ ಪತ್ರಿಕೆಯ ಮುಖಪುಟದಲ್ಲಿ ಇರುತ್ತದೆ. ಅದರ ಮೇಲೆ ಬ್ಯಾಂಕು ತನ್ನ ಪಾಲು ಸೇರಿಸುತ್ತದೆ. ಅದಕ್ಕೆ ಸ್ಪ್ರೆಡ್ ಅನ್ನುತ್ತಾರೆ. ರೆಪೋ 5.25, ಸ್ಪ್ರೆಡ್ 2.50, ನಿಮ್ಮ ದರ 7.75. ಇಷ್ಟೇ. ಕನಿಷ್ಠ ಮೂರು ತಿಂಗಳಿಗೊಮ್ಮೆ ಇದನ್ನು ಹೊಸ ರೆಪೋಗೆ ಸರಿಹೊಂದಿಸಬೇಕು. ಏರಿದಾಗ ಏರುತ್ತದೆ, ಇಳಿದಾಗ ಇಳಿಯಲೇಬೇಕು.

ಇಳಿದದ್ದು ನಿಮಗೆ ತಲುಪಿದೆಯಾ ಅಂತ ಪರೀಕ್ಷೆ ಮಾಡುವುದು ಸುಲಭ. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೋ 6.50ರಿಂದ 5.25ಕ್ಕೆ ಇಳಿಯಿತು. ಒಂದೂಕಾಲು ಪರ್ಸೆಂಟ್. ನಿಮ್ಮ ಮನೆಯಲ್ಲಿ ಯಾರದಾದರೂ 2025ರ ಜನವರಿಯ ದರ 8.75 ಇದ್ದರೆ, ಆ ಇಳಿಕೆಯ ನಂತರ 7.50 ಆಗಿರಬೇಕು. ಆಗಿಲ್ಲ ಅಂದರೆ ಆ ಸಾಲ 2019ಕ್ಕೆ ಮೊದಲಿನ ಹಳೆಯ ಪದ್ಧತಿಯಲ್ಲಿ ಇರಬಹುದು, ರೆಪೋ ಅಲ್ಲದ ದರಕ್ಕೆ ಜೋಡಿಸಿರಬಹುದು, ಇಲ್ಲವೇ ಬ್ಯಾಂಕಿನದ್ದೇ ಅಲ್ಲದಿರಬಹುದು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಹೊರಗಿನ ದರಕ್ಕೆ ಜೋಡಿಸುವ ಕಡ್ಡಾಯ ಇಲ್ಲ. ಅವು ತಮ್ಮದೇ ಮೂಲ ದರ ಇಟ್ಟುಕೊಳ್ಳುತ್ತವೆ. ಅಲ್ಲಿ ಇಳಿಕೆ ತಡವಾಗಿ, ಅರ್ಧಂಬರ್ಧ ಬರಬಹುದು. ಆದ್ದರಿಂದ ಎರಡೂ ಕಡೆ ಒಂದೇ ಫ್ಲೋಟಿಂಗ್ ದರ ಹೇಳಿದರೆ, ರೆಪೋಗೆ ಜೋಡಿಸಿದ್ದನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ.

ಸರಿ, ಈಗ ಆಯ್ಕೆಗೆ ಬರೋಣ. ಒಂದು ಉದಾಹರಣೆ ಹಿಡಿಯೋಣ. ಆಲ್ದೂರಿನ ಕಡೆಯ ಒಂದು ಕುಟುಂಬ. ಹೆಂಡತಿ ಶಾಲಾ ಶಿಕ್ಷಕಿ, ಗಂಡ ನಾಲ್ಕು ಎಕರೆ ಕಾಫಿ ನೋಡಿಕೊಳ್ಳುತ್ತಾನೆ. ಚಿಕ್ಕಮಗಳೂರಿನಲ್ಲಿ ಮನೆ ಕಟ್ಟಲು 30 ಲಕ್ಷ ಸಾಲ, 20 ವರ್ಷ. ಫ್ಲೋಟಿಂಗ್ 7.75ಕ್ಕೆ ಸಿಗುತ್ತದೆ, ಕಂತು 24,628. ಪೂರ್ತಿ ಅವಧಿಯ ಫಿಕ್ಸೆಡ್ 9.25ಕ್ಕೆ ಸಿಗುತ್ತದೆ, ಕಂತು 27,476. ತಿಂಗಳಿಗೆ 2,848 ರೂಪಾಯಿ ವ್ಯತ್ಯಾಸ.

ಎಲ್ಲರೂ ಕೇಳುವುದು, ದರ ಮುಂದೆ ಏರುತ್ತಾ ಇಳಿಯುತ್ತಾ ಅಂತ. ಅದು ನನಗೆ ಗೊತ್ತಿಲ್ಲ, ರಿಸರ್ವ್ ಬ್ಯಾಂಕಿನವರಿಗೂ ಇಪ್ಪತ್ತು ವರ್ಷದ್ದು ಗೊತ್ತಿಲ್ಲ. ನಾನು ಆ ಕುಟುಂಬಕ್ಕೆ ಕೇಳುವ ಪ್ರಶ್ನೆ ಬೇರೆ. "27,476 ಕಟ್ಟಲು ನಿಮ್ಮಿಂದ ಆಗುತ್ತದಾ?" ಆಗುತ್ತದೆ ಅಂದರೆ, ನನ್ನ ಸಲಹೆ ಇದು. ಫ್ಲೋಟಿಂಗ್ ಸಾಲ ತೆಗೆದುಕೊಳ್ಳಿ. ಆದರೆ ಮೊದಲ ತಿಂಗಳಿಂದಲೇ ಫಿಕ್ಸೆಡ್‌ನ ಕಂತು ಕಟ್ಟಿ. ಹೇಗಿದ್ದರೂ ಫಿಕ್ಸೆಡ್ ತೆಗೆದುಕೊಂಡಿದ್ದರೆ ಆ 2,848 ಬ್ಯಾಂಕಿಗೆ ಬಡ್ಡಿಯಾಗಿ ಹೋಗುತ್ತಿತ್ತು. ಈಗ ಅದು ನಿಮ್ಮ ಅಸಲಿಗೆ ಬೀಳುತ್ತದೆ.

ಇದರ ಪರಿಣಾಮ ನೋಡಿ. ಮೂರು ವರ್ಷ ಎರಡೂ ಕಡೆ ಒಂದೇ 27,476 ಕಟ್ಟಿದ್ದೀರಿ. ಫಿಕ್ಸೆಡ್ ಸಾಲದಲ್ಲಿ ಬಾಕಿ 28 ಲಕ್ಷ 20 ಸಾವಿರ. ಫ್ಲೋಟಿಂಗ್‌ನಲ್ಲಿ, ದರ ಬದಲಾಗದಿದ್ದರೆ, ಬಾಕಿ 26 ಲಕ್ಷ 73 ಸಾವಿರ. ಕೈಯಿಂದ ಹೋದ ದುಡ್ಡು ಅಷ್ಟೇ, ಸಾಲ ಮಾತ್ರ ಸುಮಾರು ಒಂದೂವರೆ ಲಕ್ಷ ಕಡಿಮೆ. ಹೀಗೇ ಮುಂದುವರಿದರೆ 20 ವರ್ಷದ ಸಾಲ 15 ವರ್ಷ 10 ತಿಂಗಳಿಗೆ ಮುಗಿಯುತ್ತದೆ.

"ದರ ಏರಿದರೆ?" ಅಂತ ನೀವು ಕೇಳುತ್ತೀರಿ. ಕೇಳಲೇಬೇಕು. 2022ರ ಹಾಗೆಯೇ ಎರಡೂವರೆ ಪರ್ಸೆಂಟ್ ಏರಲಿ. ಮೂರು ವರ್ಷದ ನಂತರ ದರ 10.25 ಆಗಲಿ. ಅಷ್ಟೇ ಅಲ್ಲ, ಅಲ್ಲಿಂದ ಒಮ್ಮೆಯೂ ಇಳಿಯದೆ ಕೊನೆಯವರೆಗೂ ಹಾಗೇ ಇರಲಿ. ಆಗಲೂ ಅದೇ 27,476 ಕಟ್ಟುತ್ತಾ ಹೋದರೆ ಸಾಲ ಮುಗಿಯುವುದು 245ನೇ ತಿಂಗಳಿಗೆ. ಫಿಕ್ಸೆಡ್ ಮುಗಿಯುವುದು 240ಕ್ಕೆ. ಅಷ್ಟು ಕೆಟ್ಟ ಕಾಲದಲ್ಲೂ ನೀವು ಸೋಲುವುದು ಐದು ಕಂತು ಮಾತ್ರ. ಮೊದಲ ಮೂರು ವರ್ಷದಲ್ಲಿ ಅಸಲು ಇಳಿಸಿಕೊಂಡದ್ದೇ ನಿಮ್ಮನ್ನು ಕಾಯುತ್ತದೆ.

ಆದರೆ ಇನ್ನೊಂದು ಮುಖವನ್ನೂ ಹೇಳಲೇಬೇಕು. ಇದೇ ಏರಿಕೆ ಮೂರು ವರ್ಷ ಕಾಯದೆ, ಒಂದೇ ವರ್ಷಕ್ಕೆ ಬಂದು ಕೊನೆಯವರೆಗೂ ಕೂತರೆ? ಆಗ ಸಾಲ ಮುಗಿಯುವುದು ಸುಮಾರು 284ನೇ ತಿಂಗಳಿಗೆ. ಫಿಕ್ಸೆಡ್‌ಗಿಂತ ಮೂರು ವರ್ಷ ಎಂಟು ತಿಂಗಳು ಜಾಸ್ತಿ. ಆಗ ಫಿಕ್ಸೆಡ್ ಗೆಲ್ಲುತ್ತದೆ, ಅನುಮಾನವೇ ಇಲ್ಲ. ಅಂದರೆ ಫಿಕ್ಸೆಡ್ ಗೆಲ್ಲಬೇಕಾದರೆ ಮೂರೂ ಆಗಬೇಕು. ದರ ಬೇಗ ಏರಬೇಕು, ಜಾಸ್ತಿ ಏರಬೇಕು, ಏರಿದ್ದು ಇಳಿಯದೆ ಇರಬೇಕು. 2022ರಲ್ಲಿ ಮೊದಲ ಎರಡು ಆದವು. ಮೂರನೆಯದು ಆಗಲಿಲ್ಲ. 2025ರಲ್ಲಿ ಇಳಿಯಿತು.

ಇನ್ನು ಮೂರು ವರ್ಷದ ಫಿಕ್ಸೆಡ್‌ಗೆ ಇಷ್ಟೆಲ್ಲ ಲೆಕ್ಕ ಬೇಡ. ಆ ಮೂರು ವರ್ಷದಲ್ಲಿ ಫ್ಲೋಟಿಂಗ್ ದರದ ಸರಾಸರಿ ಫಿಕ್ಸೆಡ್ ದರಕ್ಕಿಂತ ಮೇಲೆ ಹೋಗಬೇಕು. ಆಗ ಮಾತ್ರ ಲಾಭ. 7.75 ಇರುವುದು ಮೂರು ವರ್ಷದ ಸರಾಸರಿಯಲ್ಲಿ 9.25 ದಾಟಬೇಕಾದರೆ, ಅದು ಬೇಗನೇ 9.25ಕ್ಕಿಂತ ಮೇಲೆ ಏರಿ, ಬಹುಕಾಲ ಅಲ್ಲೇ ಇರಬೇಕು. ವ್ಯತ್ಯಾಸ ಕಾಲೋ ಅರ್ಧವೋ ಪರ್ಸೆಂಟ್ ಮಾತ್ರ ಇದ್ದರೆ ಯೋಚಿಸಬಹುದು. ಒಂದೂವರೆ ಕೊಟ್ಟು ಮೂರು ವರ್ಷದ ಫಿಕ್ಸೆಡ್ ತೆಗೆದುಕೊಳ್ಳಲು ನಾನು ಯಾರಿಗೂ ಹೇಳುವುದಿಲ್ಲ.

ಬೆಳೆಗಾರರು ಇದನ್ನು ಕಿವಿಗೊಟ್ಟು ಕೇಳಿ. ನಿಮ್ಮ ದುಡ್ಡು ತಿಂಗಳಿಗೊಮ್ಮೆ ಬರುವುದಿಲ್ಲ. ಕೊಯ್ಲು ಮುಗಿದು, ಕಣದಲ್ಲಿ ಒಣಗಿ, ಮಾರಿದ ಮೇಲೆ ಒಟ್ಟಿಗೆ ಬರುತ್ತದೆ. ಆ ದುಡ್ಡಿನಲ್ಲಿ ಒಂದಿಷ್ಟನ್ನು ಸಾಲಕ್ಕೆ ಕಟ್ಟುವ ಅವಕಾಶ ನಿಮಗೆ ಬಹಳ ಮುಖ್ಯ. ಮನೆ ಕಟ್ಟಲು ಅಥವಾ ಕೊಳ್ಳಲು ವ್ಯಕ್ತಿಗಳು ತೆಗೆದುಕೊಂಡ ಫ್ಲೋಟಿಂಗ್ ಸಾಲಕ್ಕೆ ಮುಂಚಿತವಾಗಿ ಕಟ್ಟಿದರೆ ಬ್ಯಾಂಕು ಶುಲ್ಕ ಹಾಕುವ ಹಾಗಿಲ್ಲ. 2012ರಿಂದಲೂ ಈ ನಿಯಮ ಇದೆ. ಫಿಕ್ಸೆಡ್ ಸಾಲಕ್ಕೆ ಶುಲ್ಕ ಹಾಕಬಹುದು. ಉದಾಹರಣೆಗೆ ಎರಡು ಪರ್ಸೆಂಟ್ ಇದೆ ಅಂದುಕೊಳ್ಳಿ. ಒಂದು ಲಕ್ಷ ಮುಂಚಿತವಾಗಿ ಕಟ್ಟಿದರೆ ಎರಡು ಸಾವಿರ, ಅದರ ಮೇಲೆ ಜಿಎಸ್‌ಟಿ, ಒಟ್ಟು 2,360 ರೂಪಾಯಿ. ಸಾಲ ಬೇಗ ತೀರಿಸುತ್ತಿರುವುದಕ್ಕೆ ದಂಡ!

ಆಲ್ದೂರಿನ ಆ ಕುಟುಂಬ ತಿಂಗಳಿಗೆ ಹೆಚ್ಚು ಕಟ್ಟಲು ಆಗುವುದಿಲ್ಲ ಅಂತಿಟ್ಟುಕೊಳ್ಳಿ. ಶಿಕ್ಷಕಿಯ ಸಂಬಳದಲ್ಲಿ 24,628ರ ಕಂತು ಮಾತ್ರ ಕಟ್ಟುತ್ತಾರೆ. ಆದರೆ ಪ್ರತಿ ವರ್ಷ ಕಾಫಿ ಮಾರಿದ ದುಡ್ಡಿನಲ್ಲಿ ಒಂದು ಲಕ್ಷ ಅಸಲಿಗೆ ಕಟ್ಟುತ್ತಾರೆ. ದರ 7.75ರಲ್ಲೇ ಇದ್ದರೆ ಸಾಲ ಸುಮಾರು 11 ವರ್ಷ 8 ತಿಂಗಳಿಗೆ ಮುಗಿಯುತ್ತದೆ. ಎಂಟು ವರ್ಷಕ್ಕೂ ಹೆಚ್ಚು ಉಳಿಯಿತು. ಬೋರರ್ ಹಿಡಿದೋ, ಮಳೆ ಜಾಸ್ತಿಯಾಗಿಯೋ ಒಂದು ವರ್ಷ ಬೆಳೆ ಕೈಕೊಟ್ಟರೆ ಆ ವರ್ಷ ಲಕ್ಷ ಕಟ್ಟಬೇಡಿ. ಯಾರೂ ಕೇಳುವುದಿಲ್ಲ. ಕಂತು ಹೆಚ್ಚಿಟ್ಟುಕೊಂಡರೆ ಈ ಸಡಿಲ ಇರುವುದಿಲ್ಲ. ಅದಕ್ಕೇ ಬೆಳೆಗಾರರಿಗೆ ಈ ದಾರಿಯೇ ಹೆಚ್ಚು ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ.

ಮುಂಚಿತವಾಗಿ ಕಟ್ಟುವಾಗ ಒಂದು ಎಚ್ಚರ. ಸುಮ್ನೆ ಖಾತೆಗೆ ದುಡ್ಡು ಹಾಕಿ ಬರಬೇಡಿ. ಇದು ಅಸಲಿಗೆ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ ಅಂತ ಬರೆದುಕೊಟ್ಟು ಸೀಲು ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಕೆಲವು ಕಡೆ ಅದನ್ನು ಮುಂದಿನ ಕಂತುಗಳ ಮುಂಗಡ ಅಂತ ಇಟ್ಟುಕೊಳ್ಳುತ್ತಾರೆ. ಮುಂದಿನ ತಿಂಗಳ ಲೆಕ್ಕಪಟ್ಟಿಯಲ್ಲಿ ಬಾಕಿ ಅಸಲು ಪೂರ್ತಿ ಒಂದು ಲಕ್ಷ ಇಳಿದಿದೆಯಾ ಅಂತ ನೋಡಿ.

ಹಾಗಾದರೆ ಫಿಕ್ಸೆಡ್ ಯಾರಿಗೂ ಬೇಡವಾ? ಹಾಗಲ್ಲ. ಒಂದು ಪರೀಕ್ಷೆ ಇದೆ. ನೀವು ತೆಗೆದುಕೊಳ್ಳುವ ಫ್ಲೋಟಿಂಗ್ ದರಕ್ಕೆ ಎರಡೂವರೆ ಸೇರಿಸಿ ಕಂತು ಲೆಕ್ಕ ಹಾಕಿಸಿ. ನಮ್ಮ ಉದಾಹರಣೆಯಲ್ಲಿ 10.25ಕ್ಕೆ ಅದು ಸುಮಾರು 29,450. ಮನೆ ಖರ್ಚು, ಮಕ್ಕಳ ಫೀಸು, ಬೇರೆ ಸಾಲ ಎಲ್ಲ ಕಳೆದು ಅಷ್ಟು ಕಟ್ಟಲು ಸಾಧ್ಯವಾ? ಸಾಧ್ಯ ಇದ್ದರೆ ಫ್ಲೋಟಿಂಗ್. ಸಾಧ್ಯವೇ ಇಲ್ಲ ಅಂದರೆ ಮೊದಲು ಯೋಚಿಸಬೇಕಾದದ್ದು ಸಾಲದ ಮೊತ್ತದ ಬಗ್ಗೆ. ಒಂದು ಮಹಡಿ ಈಗ ಕಟ್ಟಿ, ಇನ್ನೊಂದು ಆಮೇಲೆ. ಸಾಲ ಇಳಿಸಲು ಆಗುವುದೇ ಇಲ್ಲ, ಸಂಬಳ ಒಂದೇ ಸಮ, ಮುಂಚಿತವಾಗಿ ಕಟ್ಟುವ ದುಡ್ಡೂ ಬರುವುದಿಲ್ಲ, ಜೊತೆಗೆ ಕೊನೆಯವರೆಗೂ ಬದಲಾಗದ ಫಿಕ್ಸೆಡ್ ಒಂದು ಪರ್ಸೆಂಟಿಗಿಂತ ಕಡಿಮೆ ವ್ಯತ್ಯಾಸಕ್ಕೆ ಸಿಗುತ್ತದೆ. ಹೀಗೆಲ್ಲ ಇದ್ದರೆ ಫಿಕ್ಸೆಡ್ ತೆಗೆದುಕೊಳ್ಳಿ. ಅಂಥವರಿಗೆ ನಾನೇ ತೆಗೆದುಕೊಳ್ಳಿ ಅಂತ ಹೇಳಿದ್ದೇನೆ. ರಾತ್ರಿ ನಿದ್ದೆ ಬರುವುದಕ್ಕೂ ಒಂದು ಬೆಲೆ ಇದೆ.

ಇಷ್ಟು ಹೇಳಿ ಮುಗಿಸಿದ ಮೇಲೆ ಒಬ್ಬ ಶಿಕ್ಷಕಿ ಎದ್ದು ಕೇಳಿದರು. "ಸರ್, ಈಗ ಫ್ಲೋಟಿಂಗ್ ತಗೊಂಡು, ದರ ಏರೋಕೆ ಶುರುವಾದಾಗ ಫಿಕ್ಸೆಡ್‌ಗೆ ಬದಲಾಯಿಸಿಕೊಂಡರೆ ಆಗಲ್ವಾ?"

ಒಳ್ಳೆಯ ಪ್ರಶ್ನೆ, ಮೇಡಂ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ದರ ಬದಲಾಗುವಾಗ ಸಾಲಗಾರರಿಗೆ ಫಿಕ್ಸೆಡ್‌ಗೆ ಹೋಗುವ ಅವಕಾಶ ಕೊಡಬೇಕು ಅಂತ ಹೇಳಿತ್ತು. 2025ರ ಅಕ್ಟೋಬರ್‌ನಿಂದ ಅದನ್ನು ಬ್ಯಾಂಕಿನ ಇಷ್ಟಕ್ಕೆ ಬಿಟ್ಟಿದೆ. ಹಾಗಾಗಿ ನಿಮ್ಮ ಬ್ಯಾಂಕಿನಲ್ಲಿ ಈ ಅವಕಾಶ ಇದೆಯಾ, ಎಷ್ಟು ಸಲ, ಎಷ್ಟು ಶುಲ್ಕ ಅಂತ ಸಾಲ ತೆಗೆದುಕೊಳ್ಳುವ ಮೊದಲೇ ಕೇಳಿ. ಆದರೆ ಇದನ್ನು ನೆಚ್ಚಿಕೊಳ್ಳಬೇಡಿ. ದರ ಏರುತ್ತದೆ ಅಂತ ನಮಗೆ ಗೊತ್ತಾಗುವ ಹೊತ್ತಿಗೆ ಬ್ಯಾಂಕಿಗೂ ಗೊತ್ತಾಗಿರುತ್ತದೆ. ಅಷ್ಟರಲ್ಲಿ ಫಿಕ್ಸೆಡ್ ದರವೂ ಏರಿರುತ್ತದೆ. ಆ 2023ರ ಆದೇಶದಲ್ಲಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಇನ್ನೊಂದು ಮಾತು. ದರ ಏರಿದಾಗ ಕಂತು ಏರಿಸಬೇಕಾ, ಅವಧಿ ಎಳೆಯಬೇಕಾ, ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಬೇಕಾ ಅಂತ ಆರಿಸುವ ಅವಕಾಶ ಸಾಲಗಾರರಿಗೆ ಇದೆ. ಕಂತು ಏರಿಸಿ ಅಂತ ನೀವೇ ಪತ್ರ ಕೊಡಿ. ಏರಿದ ದರ ಮತ್ತೆ ಇಳಿದಾಗ ಕಂತು ಇಳಿಸಿ ಅಂತ ಕೇಳಬೇಡಿ, ಹಾಗೇ ಬಿಡಿ.

ಮೂಡಿಗೆರೆಯಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರು. "ಅಲ್ಲಾ ಸ್ವಾಮಿ, ಆ 48 ರೂಪಾಯಿ ಅಂದ್ರಲ್ಲ. ನನ್ನ ಮಗನ ಸಾಲದಲ್ಲಿ ಹಾಗಾಗಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು?"

ಬ್ಯಾಂಕು ಮೂರು ತಿಂಗಳಿಗೊಮ್ಮೆ ಒಂದು ಲೆಕ್ಕಪಟ್ಟಿ ಕೊಡಬೇಕು, ಯಜಮಾನರೇ. ಇಲ್ಲಿಯವರೆಗೆ ಕಟ್ಟಿದ ಅಸಲು ಎಷ್ಟು, ಬಡ್ಡಿ ಎಷ್ಟು, ಈಗಿನ ಕಂತು ಎಷ್ಟು, ಇನ್ನು ಎಷ್ಟು ಕಂತು ಬಾಕಿ, ದರ ಎಷ್ಟು, ಎಲ್ಲ ಅದರಲ್ಲಿ ಇರುತ್ತದೆ. ಮಗನ ಹತ್ತಿರ ಎರಡು ಲೆಕ್ಕಪಟ್ಟಿ ತರಿಸಿ, ಈಗಿನದು ಮತ್ತು ಒಂದು ವರ್ಷದ ಹಿಂದಿನದು. ಪಕ್ಕ ಪಕ್ಕ ಇಟ್ಟು ಬಾಕಿ ಕಂತುಗಳನ್ನು ನೋಡಿ. ವರ್ಷಕ್ಕೆ 12 ಕಡಿಮೆಯಾಗಿರಬೇಕು. ಕಡಿಮೆಯಾಗಿದ್ದು ಮೂರೋ ನಾಲ್ಕೋ ಆದರೆ, ಅಥವಾ ಸಂಖ್ಯೆ ಜಾಸ್ತಿಯೇ ಆಗಿದ್ದರೆ, ಅವಧಿ ಎಳೆದಿದ್ದಾರೆ ಅಂತ ಅರ್ಥ. ಮಾರನೇ ದಿನವೇ ಮಗನನ್ನು ಬ್ಯಾಂಕಿಗೆ ಕಳಿಸಿ, ಮೊದಲಿನ ಅವಧಿಗೇ ಮುಗಿಯಬೇಕಾದರೆ ಕಂತು ಎಷ್ಟಾಗುತ್ತದೆ ಅಂತ ಬರೆಸಿಕೊಂಡು ಬರಲು ಹೇಳಿ. ಆ ಚೀಟಿ ತಂದು ನನಗೂ ತೋರಿಸಿ, ಕೂತು ನೋಡೋಣ.